ಮೂರೇ ದಿನಕ್ಕೆ 'ನೀನೇ ನನ್ನ ಜೀವ' ಅಂದರೆ?

ಚಾಟಿಂಗ್ ಶುರುವಾಗಿ ಮೂರೇ ದಿನ. ಮುಖ ಕಂಡಿಲ್ಲ, ಊರು ಗೊತ್ತಿಲ್ಲ. ಆದರೂ 'ನಿನ್ನಂಥವರು ಲೋಕದಲ್ಲೇ ಇಲ್ಲ, ನೀನಿಲ್ಲದೆ ಬದುಕಲ್ಲ' ಎಂದು ನಡುರಾತ್ರಿವರೆಗೆ ಮೆಸೇಜು. ಲಿಂಗಸುಗೂರು ಕಡೆ ನಾವು ಎತ್ತು ಕೊಳ್ಳುವಾಗಲೂ ಹಲ್ಲು ನೋಡಿ, ನಡೆಸಿ ನೋಡುತ್ತೇವೆ. ನಮ್ಮನ್ನು ಅರಿಯದವರು ಇಷ್ಟು ಹೊಗಳುವುದು ಯಾಕೆ?

ಒಮ್ಮೆ ತಡೆದು ನೋಡಿ. 'ನಾಳೆ ಇಡೀ ದಿನ ಹೊಲದ ಕೆಲಸ, ಮೆಸೇಜು ಮಾಡಲ್ಲ' ಅನ್ನಿ. ಕಾದರೆಂದ ಮಾತ್ರಕ್ಕೆ ಒಳ್ಳೆಯವರೆಂದಲ್ಲ. ಆದರೆ 'ನನ್ನ ಮೇಲೆ ನಂಬಿಕೆ ಇಲ್ಲವಾ?' ಎಂದು ಮುನಿದು, ಅತ್ತು ಒತ್ತಾಯಿಸಿದರೆ ಅಲ್ಲೇ ನಿಲ್ಲಿ. ಹೊಗಳಿದ್ದೆಲ್ಲ ಸಾಲದಂತೆ ವಸೂಲಿಗೆ ಬರುತ್ತದೆ: ಮೊದಲು 'ಮನೆಯಲ್ಲಿ ಹೇಳಬೇಡ', ಆಮೇಲೆ ಖಾಸಗಿ ಫೋಟೊ, ಇಲ್ಲವೇ 'ಗಿಫ್ಟ್ ಕಳಿಸಿದ್ದೇನೆ, ಕಸ್ಟಮ್ಸ್‌ಗೆ ದುಡ್ಡು ಕಟ್ಟು'.

ದುಡ್ಡು ಹೋಗಿದ್ದರೆ ಚಾಟ್ ಅಳಿಸದೆ, ತಕ್ಷಣ 1930ಕ್ಕೆ ಫೋನ್ ಮಾಡಿ.