ಆರು ವಾರದ ಇಂಗ್ಲಿಷು, ಮೇಷ್ಟ್ರ ಲೆಕ್ಕ

'ಮೂವತ್ತೇ ದಿನದಲ್ಲಿ ನೀರು ಕುಡಿದಷ್ಟು ಸಲೀಸಾಗಿ ಇಂಗ್ಲಿಷ್' ಎಂಬ ಬೋರ್ಡುಗಳಿಗೆ ತುಮಕೂರಿನಲ್ಲಿ ಬರವಿಲ್ಲ. ಬಸ್ ಸ್ಟ್ಯಾಂಡಿನ ಸುತ್ತ ಒಂದು ಸುತ್ತು ಹಾಕಿದರೆ ನಾಲ್ಕಾದರೂ ಕಣ್ಣಿಗೆ ಬೀಳುತ್ತವೆ. ಇವುಗಳ ನಡುವೆ ನಗರದ ಹಿರಿಯ ಮೇಷ್ಟ್ರೊಬ್ಬರು, ದುಡಿಯುವ ಜನಕ್ಕಾಗಿ ಆರು ವಾರದ ಸಂಜೆ ತರಗತಿ ಶುರು ಮಾಡಿದ್ದಾರೆ. 'ಇಂಗ್ಲಿಷ್ ಕಲಿಸಿಬಿಡುತ್ತೇನೆ' ಎಂಬ ಮಾತು ಅವರ ಕರಪತ್ರದಲ್ಲಿ ಎಲ್ಲೂ ಇಲ್ಲ. 'ಗೊತ್ತಿರುವ ಇಂಗ್ಲಿಷಿಗೆ ಪೂರ್ತಿ ಅಂಕ ತೆಗೆಯುವುದನ್ನು ಕಲಿಸಲಾಗುವುದು' ಎಂದಷ್ಟೇ ಇದೆ. ವ್ಯಾಪಾರಸ್ಥರ ಭಾಷೆಯಲ್ಲಿ ಹೇಳುವುದಾದರೆ, ಇದು ಹೊಸ ಸರಕು ತರಿಸುವ ಯೋಜನೆಯಲ್ಲ, ಗೋಡೌನಿನಲ್ಲಿ ಬಿದ್ದಿರುವ ಸರಕನ್ನು ಅಂಗಡಿಯ ಮುಂದೆ ಜೋಡಿಸುವ ಯೋಜನೆ.

ಪರೀಕ್ಷೆಯ ಹೆಸರು ಟೋಯಿಕ್. ಕಚೇರಿ, ಕಾರ್ಖಾನೆ, ಹೋಟೆಲುಗಳಲ್ಲಿ ಬಳಸುವ ಇಂಗ್ಲಿಷನ್ನು ಅಳೆಯಲೆಂದೇ ಅಮೆರಿಕದ ಪರೀಕ್ಷಾ ಸಂಸ್ಥೆಯೊಂದು ರೂಪಿಸಿದ್ದು. ಮೊದಲು ನಡೆದದ್ದು 1979ರಲ್ಲಿ, ಜಪಾನಿನಲ್ಲಿ. ಅಲ್ಲಿನ ಕಂಪನಿಗಳಿಗೆ ಇದರ ಅಂಕವೆಂದರೆ ಚಿರಪರಿಚಿತ. ವಸಂತನರಸಾಪುರದಲ್ಲಿ ಜಪಾನಿನವರಿಗೆಂದೇ ಕೈಗಾರಿಕಾ ಪ್ರದೇಶ ಗೊತ್ತುಮಾಡಿದ ಮೇಲೆ ಈ ಊರಿನವರ ಕಿವಿಗೂ ಇಂಥ ಹೆಸರುಗಳು ಬೀಳುವುದು ಸಹಜವೇ.

ಪರೀಕ್ಷೆ ಎರಡು ಗಂಟೆಯದು, ಪ್ರಶ್ನೆ ಇನ್ನೂರು. ಮೊದಲ 45 ನಿಮಿಷ ಕೇಳಿ ಉತ್ತರಿಸುವ ನೂರು ಪ್ರಶ್ನೆ. ಆಮೇಲೆ 75 ನಿಮಿಷ ಓದಿ ಉತ್ತರಿಸುವ ನೂರು ಪ್ರಶ್ನೆ. ಬರೆಯುವುದೇನಿಲ್ಲ, ಕೊಟ್ಟ ಉತ್ತರಗಳಲ್ಲಿ ಸರಿಯಾದದ್ದಕ್ಕೆ ಗುರುತು ಹಾಕಿದರಾಯಿತು. ಎರಡೂ ಭಾಗ ಸೇರಿ ಅಂಕ 10ರಿಂದ 990. ಪಾಸು, ಫೇಲು ಎಂಬುದಿಲ್ಲ. ಎಷ್ಟು ಬೇಕೆಂದು ಹೇಳುವವರು ಕೆಲಸ ಕೊಡುವ ಧಣಿಗಳು.

ಆದ್ದರಿಂದಲೇ ಮೇಷ್ಟ್ರ ಮೊದಲ ಷರತ್ತು ಫೀಸಿನದ್ದಲ್ಲ. 'ನಿಮ್ಮ ಕಂಪನಿ ಯಾವ ಪರೀಕ್ಷೆ, ಎಷ್ಟು ಅಂಕ ಕೇಳ್ತಿದೆ ಅಂತ ಬರವಣಿಗೆಯಲ್ಲಿ ತನ್ನಿ' ಎನ್ನುತ್ತಾರೆ. ಯಾರೋ ಹೇಳಿದರೆಂದು ಒಂದು ಪರೀಕ್ಷೆಗೆ ದುಡ್ಡು ಕಟ್ಟಿ, ಕಂಪನಿ ಇನ್ನೊಂದು ಕೇಳಿದರೆ ಆ ಹಣ ಹಳ್ಳಕ್ಕೆ ಬಿದ್ದಂತೆಯೇ.

ಎರಡನೆಯ ಷರತ್ತು ಇನ್ನೂ ಬಿಗಿ. ಮೊದಲ ಭಾನುವಾರವೇ ಗಡಿಯಾರ ಇಟ್ಟು ಪೂರ್ತಿ ಎರಡು ಗಂಟೆಯ ಮಾದರಿ ಪರೀಕ್ಷೆ. ಗುರಿಗೆ ತೀರ ದೂರ ಇರುವವರನ್ನು ಮೇಷ್ಟ್ರು ಸೇರಿಸಿಕೊಳ್ಳುವುದಿಲ್ಲ. ಕಾರಣ ಲೆಕ್ಕದಲ್ಲಿದೆ. ವಾರಕ್ಕೆ ಮೂರು ಸಂಜೆ ಒಂದೂವರೆ ಗಂಟೆ, ಭಾನುವಾರ ಮೂರು ಗಂಟೆ. ಒಟ್ಟು ಏಳೂವರೆ. ಆರು ವಾರಕ್ಕೆ 45 ಗಂಟೆ. ಭಾಷೆಯಲ್ಲಿ ಒಂದು ಮೆಟ್ಟಿಲು ಹತ್ತಲು ಸುಮಾರು 200 ಗಂಟೆಯ ಪಾಠ ಬೇಕೆಂಬುದು ಕೇಂಬ್ರಿಜ್ ಪರೀಕ್ಷಾ ಮಂಡಳಿಯವರ ಅಂದಾಜು. ಇನ್ನೂರು ಕೇಳುವ ಜಾಗಕ್ಕೆ ನಲವತ್ತೈದು ಹಾಕಿ 'ಗ್ಯಾರಂಟಿ' ಎಂದರೆ ಅದು ತೂಕದಲ್ಲಿ ಮೋಸ. ಮೇಷ್ಟ್ರು ಆ ತಕ್ಕಡಿ ಹಿಡಿದಿಲ್ಲ.

ಹಾಗಾದರೆ 45 ಗಂಟೆಯಲ್ಲಿ ಆಗುವುದೇನು? ಒಬ್ಬ ವಿದ್ಯಾರ್ಥಿಯ ಉತ್ತರಪತ್ರಿಕೆ ನೋಡಿದರೆ ತಿಳಿಯುತ್ತದೆ. ಈತ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಕೆಲಸ ಮಾಡುವವ, ವಯಸ್ಸು ಮೂವತ್ತು ದಾಟಿದೆ. ಸೂಪರ್‌ವೈಸರ್ ಆಗಬೇಕಾದರೆ 550 ಅಂಕ ತರಬೇಕೆಂದು ಕಂಪನಿ ಹೇಳಿದೆ. ಮೊದಲ ದಿನ ಅಭ್ಯಾಸ ಪುಸ್ತಕದ ಕೋಷ್ಟಕದ ಪ್ರಕಾರ ಬಂದದ್ದು 455.

ಓದುವ ಭಾಗದಲ್ಲಿ ಆತ ಮುಟ್ಟಿದ್ದು 73 ಪ್ರಶ್ನೆ, ಸರಿಯಾದದ್ದು 52. ಉಳಿದ 27 ಖಾಲಿ. ಮುಟ್ಟಿದ್ದರಲ್ಲಿ ಹತ್ತಕ್ಕೆ ಏಳು ಸರಿ ಮಾಡಿದವನಿಗೆ ಇಂಗ್ಲಿಷ್ ಬರುವುದಿಲ್ಲ ಅನ್ನೋದು ಹೇಗೆ? ಸಮಯ ಸೋರಿದ್ದು ಬೇರೆ ಕಡೆ. ಬಿಟ್ಟ ಪದ ತುಂಬುವ ಮೊದಲ 30 ಪ್ರಶ್ನೆಗೇ ಆತ 28 ನಿಮಿಷ ಕಳೆದಿದ್ದ. ಮುಂದಿನ 16ಕ್ಕೆ 17 ನಿಮಿಷ. ಪತ್ರ, ನೋಟೀಸು, ಜಾಹೀರಾತು ಓದಿ ಉತ್ತರಿಸುವ ಕಡೆಯ 54 ಪ್ರಶ್ನೆಗೆ ಉಳಿದದ್ದು ಬರೀ ಅರ್ಧ ಗಂಟೆ. ಸಂತೆಯ ಬಾಗಿಲಲ್ಲೇ ಜೇಬು ಖಾಲಿ ಮಾಡಿಕೊಂಡವನ ಕಥೆ.

ಮೇಷ್ಟ್ರ ಮೊದಲ ಪಾಠಕ್ಕೆ ಇಂಗ್ಲಿಷೇ ಬೇಕಿಲ್ಲ. ಈ ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ನಾಲ್ಕರಲ್ಲೊಂದು ಆರಿಸುವ 27 ಪ್ರಶ್ನೆಗೆ ಕಣ್ಣು ಮುಚ್ಚಿ ಗುರುತು ಹಾಕಿದರೂ ಆರೇಳು ಸರಿ ಬೀಳುವ ಸಂಭವವಿದೆ. ಖಾಲಿ ಬಿಟ್ಟರೆ ಸೊನ್ನೆ. ಎರಡನೆಯ ಪಾಠ ಸಮಯದ ಹಂಚಿಕೆ: ಮೊದಲ 30ಕ್ಕೆ ಹತ್ತು ನಿಮಿಷ, ಮುಂದಿನ 16ಕ್ಕೆ ಹತ್ತು, ಕೊನೆಯ 54ಕ್ಕೆ 55. ಇಪ್ಪತ್ತು ಸೆಕೆಂಡಿನಲ್ಲಿ ಹೊಳೆಯದ ಪದ ಇನ್ನೆರಡು ನಿಮಿಷ ದಿಟ್ಟಿಸಿದರೂ ಹೊಳೆಯುವುದಿಲ್ಲ ಎಂಬುದು ಅವರ ಮಾತು.

ಮೊದಲೆರಡು ವಾರ ಪೂರ್ತಿ ಕಿವಿಗೆ ಮೀಸಲು. ಧ್ವನಿಮುದ್ರಣ ಒಂದೇ ಸಲ ಕೇಳಿಸುತ್ತಾರೆ, 'ಇನ್ನೊಂದ್ಸಲ ಹೇಳಿ ಸಾರ್' ಎನ್ನುವಂತಿಲ್ಲ. ಎರಡನೆಯ ವಿಭಾಗದ 25 ಪ್ರಶ್ನೆಗಳಲ್ಲಿ ಪ್ರಶ್ನೆಯೂ ಅಚ್ಚಾಗಿರುವುದಿಲ್ಲ, ಉತ್ತರವೂ ಅಚ್ಚಾಗಿರುವುದಿಲ್ಲ. ಎಲ್ಲವೂ ಕಿವಿಯಿಂದಲೇ. ಮೇಷ್ಟ್ರು ಬೋರ್ಡಿನ ಮೇಲೆ ಬರೆದು ತೋರಿಸಿದ ಉದಾಹರಣೆ ಇದು. 'ವೆನ್ ಡಸ್ ದ ಮೀಟಿಂಗ್ ಸ್ಟಾರ್ಟ್?' ಎಂಬುದು ಪ್ರಶ್ನೆ. ಮೊದಲ ಉತ್ತರ 'ಇನ್ ದ ಮೇನ್ ಹಾಲ್'. ಎರಡನೆಯದು 'ಯೆಸ್, ಐ ಮೆಟ್ ಹಿಮ್'. ಮೂರನೆಯದು 'ಇಟ್ ವಾಸ್ ಕ್ಯಾನ್ಸಲ್ಡ್'.

'ವೆನ್' ಎಂಬುದನ್ನು 'ವೇರ್' ಎಂದು ಕೇಳಿಸಿಕೊಂಡವ ಮೊದಲನೆಯದಕ್ಕೆ ಬೀಳುತ್ತಾನೆ. 'ಮೀಟಿಂಗ್' ಎಂಬ ಸದ್ದನ್ನೇ ಹಿಡಿದುಕೊಂಡವ 'ಮೆಟ್' ಇರುವ ಎರಡನೆಯದಕ್ಕೆ ಬೀಳುತ್ತಾನೆ. ಸರಿಯಾದದ್ದು ಮೂರನೆಯದು. 'ಯಾವಾಗ' ಎಂದು ಕೇಳಿದ್ದಕ್ಕೆ ಹೊತ್ತು ಹೇಳಿಲ್ಲವಲ್ಲ ಎಂದರೆ, ಅಂಗಡಿಯಲ್ಲಿ 'ಸಕ್ಕರೆ ಎಷ್ಟು?' ಎಂದಾಗ 'ಸಕ್ಕರೆ ಬಂದಿಲ್ಲ ಸ್ವಾಮಿ' ಎನ್ನುವುದಿಲ್ಲವೇ? ಅದೂ ಉತ್ತರವೇ. ಪ್ರಶ್ನೆಯ ಮೊದಲ ಪದ ಬಿಗಿಯಾಗಿ ಹಿಡಿಯುವುದು, ಒಂದೇ ಥರ ಕೇಳುವ ಪದ ಬಂದ ಕೂಡಲೇ ಅನುಮಾನಿಸುವುದು. ಈ ಎರಡಕ್ಕೆ ಎರಡು ವಾರದ ಅಭ್ಯಾಸ. ದಾಬಸ್‌ಪೇಟೆ, ನೆಲಮಂಗಲದ ಕಡೆಗೆ ದಿನಾ ಬಸ್ಸಿನಲ್ಲಿ ಹೋಗಿಬರುವವರಿಗೆ ದಾರಿಯಲ್ಲಿ ಅರ್ಧ ಗಂಟೆ ಇಯರ್‌ಫೋನಿನಲ್ಲಿ ಕೇಳುವ ಕೆಲಸವೂ ಉಂಟು. ಅದೂ ಒಂದೇ ಸಲ ಕೇಳಿ ಗುರುತು ಹಾಕಬೇಕು, ಆಮೇಲೆ ಬೇಕಾದರೆ ಮತ್ತೆ ಕೇಳಬಹುದು.

ಮೂರನೆಯ ವಾರ ವ್ಯಾಕರಣ. ಪುಸ್ತಕದ ವ್ಯಾಕರಣವೆಲ್ಲ ಅಲ್ಲ, ಕನ್ನಡಿಗರು ಜಾರುವ ಜಾಗಗಳು ಮಾತ್ರ. 'ಎರಡು ವರ್ಷದಿಂದ ಕೆಲಸ ಮಾಡ್ತಿದ್ದೀನಿ' ಎಂಬುದನ್ನು ನಮ್ಮವರು 'ಐ ಆಮ್ ವರ್ಕಿಂಗ್ ಸಿನ್ಸ್ ಟು ಇಯರ್ಸ್' ಮಾಡುತ್ತಾರೆ. ಕನ್ನಡದ 'ಇಂದ' ಒಂದೇ ಕೆಲಸ ಮುಗಿಸುತ್ತದೆ, ಇಂಗ್ಲಿಷಿನವರು ಬೇರೆ ಮಾಡುತ್ತಾರೆ. ಎಷ್ಟು ಕಾಲ ಎಂದರೆ 'ಫಾರ್', ಯಾವತ್ತಿನಿಂದ ಎಂದರೆ 'ಸಿನ್ಸ್', ಎರಡಕ್ಕೂ ಜೊತೆಗೆ 'ಹ್ಯಾವ್ ಬೀನ್ ವರ್ಕಿಂಗ್'. ಊರಿನಲ್ಲಿ ಹಾಗೆ ಮಾತಾಡಿದರೆ ಯಾರಿಗೂ ಅರ್ಥವಾಗದೆ ಹೋಗುವುದಿಲ್ಲ, ಪರೀಕ್ಷೆಯಲ್ಲಿ ಮಾತ್ರ ಅಂಕ ಹೋಗುತ್ತದೆ.

ನಾಲ್ಕನೆಯ ವಾರ ಪತ್ರ, ನೋಟೀಸುಗಳ ಓದು. ಮೊದಲು ಪ್ರಶ್ನೆ ನೋಡಿ, ಆಮೇಲೆ ಪತ್ರಕ್ಕೆ ಕಣ್ಣು ಹಾಯಿಸುವ ರೂಢಿ. ಆ ಭಾನುವಾರ ಎರಡನೆಯ ಪೂರ್ಣ ಮಾದರಿ ಪರೀಕ್ಷೆ. ನಿಜವಾದ ಪರೀಕ್ಷೆಗೆ ಫೀಸು ಕಟ್ಟಬೇಕೋ ಬೇಡವೋ ಎಂಬುದು ನಿರ್ಧಾರವಾಗುವುದು ಅಲ್ಲಿ, ಅದಕ್ಕೆ ಮುಂಚೆ ಅಲ್ಲ. ಐದನೆಯ ವಾರ ಅವರವರ ತಪ್ಪಿನ ಪುಸ್ತಕದ ಮೇಲೆ ಕೆಲಸ. ಈ ಪುಸ್ತಕದಲ್ಲಿ ಪ್ರತಿ ತಪ್ಪಿಗೂ ಮೂರರಲ್ಲಿ ಒಂದು ಕಾರಣ ಬರೆಯಬೇಕು: ಕೇಳಿಸಲಿಲ್ಲ, ಗೊತ್ತಿರಲಿಲ್ಲ, ಹೊತ್ತಿರಲಿಲ್ಲ. ಯಾವ ಪಟ್ಟಿ ಉದ್ದವಾಯಿತೋ ಅದಕ್ಕೆ ಮದ್ದು. ಆರನೆಯ ವಾರ ಮತ್ತೆರಡು ಮಾದರಿ ಪರೀಕ್ಷೆ, ಹೊಸ ಪಾಠ ಒಂದೂ ಇಲ್ಲ.

ಸ್ಟೋರ್ಸಿನಾತನ ಎರಡನೆಯ ಪರೀಕ್ಷೆ ಮುಗಿದಿದೆ. ಮೊದಲ 30ಕ್ಕೆ 12 ನಿಮಿಷ, ಮುಂದಿನ 16ಕ್ಕೆ ಹತ್ತು ನಿಮಿಷ. ಓದಲಾಗದೆ ಉಳಿದದ್ದು 27ರ ಬದಲು ಒಂಬತ್ತು, ಅವಕ್ಕೂ ಗುರುತು ಹಾಕಿದ್ದಾನೆ. ಅಂಕ 525. ತಪ್ಪಿನ ಪುಸ್ತಕದಲ್ಲಿ 'ಹೊತ್ತಿರಲಿಲ್ಲ' ಪಟ್ಟಿ ಮೊಟಕಾಗಿ, 'ಗೊತ್ತಿರಲಿಲ್ಲ' ಪಟ್ಟಿ ಉದ್ದವಾಗಿದೆ. ಅಂದರೆ ಜಾಣತನದಿಂದ ಬರುವ ಅಂಕ ಬಹುತೇಕ ಬಂದಾಯಿತು, ಇನ್ನು ಬೇಕಾದದ್ದು ಪದಗಳ ಬಂಡವಾಳ. ಅದಕ್ಕೆ ಸಮಯವೇ ಬೇಕು. 'ಇನ್ನೊಂದು ತಿಂಗಳು ತಡೆದು ಕಟ್ಟಪ್ಪ' ಎಂದು ಮೇಷ್ಟ್ರು ಹೇಳಿದ್ದಾರೆ. ಫೀಸಿಗೋಸ್ಕರ ಪಾಠ ಮಾಡುವವರ ಬಾಯಲ್ಲಿ ಬರುವ ಮಾತಲ್ಲ ಇದು.

ಇಷ್ಟೆಲ್ಲ ಮೆಚ್ಚಿಕೊಂಡ ಮೇಲೆ ಒಂದು ಕೊರತೆಯನ್ನೂ ಹೇಳಲೇಬೇಕು. ಈ ಪರೀಕ್ಷೆಯಲ್ಲಿ ಬಾಯಿ ತೆರೆಯುವ ಕೆಲಸವೇ ಇಲ್ಲ. ಮಾತಾಡುವುದಕ್ಕೆ, ಬರೆಯುವುದಕ್ಕೆ ಟೋಯಿಕ್‌ನವರದ್ದೇ ಬೇರೆ ಪರೀಕ್ಷೆಗಳಿವೆ. ಮೇಷ್ಟ್ರು ಮಾತಿಗೆ ಇಟ್ಟಿರುವುದು ಭಾನುವಾರದ ಕಡೆಯ ಅರ್ಧ ಗಂಟೆ, ಅದೂ ಮಾದರಿ ಪರೀಕ್ಷೆ ಇರುವ ದಿನ ಹಾರಿಹೋಗುತ್ತದೆ. ಸರ್ಟಿಫಿಕೇಟು ಹಿಡಿದು ಸೂಪರ್‌ವೈಸರ್ ಆದವನು ಮಾರನೆಯ ದಿನ ಫೋನಿನಲ್ಲಿ ತಡವರಿಸಿದರೆ ಮುಖಭಂಗ ಅವನದ್ದೇ. ವಾರದ ಮೂರು ಸಂಜೆಯಲ್ಲೂ ಹದಿನೈದು ನಿಮಿಷ ಮಾತಿಗೆ ಎತ್ತಿಟ್ಟರೆ ಯೋಜನೆಗೆ ನಷ್ಟವೇನೂ ಇಲ್ಲ.

ಮುಖ್ಯವಾದ ಮಾತು ಕಂಪನಿಗಳಿಗೆ. ಒಬ್ಬನೇ ಮನುಷ್ಯ ಏನೂ ಹೊಸದಾಗಿ ಕಲಿಯದೆ ಎರಡು ಸಲ ಬರೆದರೂ ಒಂದೊಂದು ಭಾಗದಲ್ಲಿ ಸುಮಾರು 25 ಅಂಕ ಆಚೀಚೆ ಆಗಬಹುದೆಂದು ಪರೀಕ್ಷೆ ನಡೆಸುವವರೇ ಹೇಳುತ್ತಾರೆ. ಹೀಗಿರುವಾಗ 550 ಬಂದವನಿಗೆ ಕುರ್ಚಿ, 540 ಬಂದವನಿಗೆ ಬಾಗಿಲು ಎಂದರೆ ಅದೇನು ನ್ಯಾಯ? ಗೆರೆಯ ಹತ್ತಿರ ಬಂದವನನ್ನು ಕರೆದು ಹತ್ತು ನಿಮಿಷ ಮಾತಾಡಿಸಲಿ, ಒಂದು ಪತ್ರ ಓದಿಸಲಿ. ಕೆಲಸಕ್ಕೆ ಬೇಕಾದ ಇಂಗ್ಲಿಷ್ ಇದೆಯೋ ಇಲ್ಲವೋ ಎಂಬುದು ಆಗ ಗೊತ್ತಾಗುತ್ತದೆ. ಅಂಕ ಕೇಳುವ ಧಣಿಗಳು ಪರೀಕ್ಷೆಯ ಫೀಸನ್ನಾದರೂ ಕೊಡಬೇಕು, ಆರು ವಾರದ ಮಟ್ಟಿಗೆ ಆ ಸಂಜೆಗಳಲ್ಲಿ ಓವರ್‌ಟೈಮಿಗೆ ನಿಲ್ಲಿಸಿಕೊಳ್ಳಬಾರದು. ಕೂಲಿಯವನ ಜೇಬಿನಿಂದಲೇ ಫೀಸು, ಅವನ ನಿದ್ದೆಯಿಂದಲೇ ಸಮಯ ಅಂದರೆ, ಆ ಸರ್ಟಿಫಿಕೇಟಿನಲ್ಲಿ ಕಂಪನಿಯ ಪಾಲು ಏನು?

ಸೇರಬೇಕೆನ್ನುವವರು ಯಾವ ಬೋರ್ಡಿನ ಕೆಳಗೆ ನಿಂತರೂ ಮೂರು ಪ್ರಶ್ನೆ ಕೇಳಲಿ. ಮೊದಲ ದಿನ ಪೂರ್ತಿ ಮಾದರಿ ಪರೀಕ್ಷೆ ಇದೆಯೇ? ಒಟ್ಟು ಎಷ್ಟು ಗಂಟೆ ಪಾಠ? ಸಾಲದಿದ್ದರೆ 'ಸಾಲದು' ಎಂದು ಹೇಳುತ್ತೀರಾ? ಮೂರನೆಯದಕ್ಕೆ ಉತ್ತರ ತಡವರಿಸಿದರೆ ಜೇಬಿನ ಮೇಲೆ ಕೈ ಇಟ್ಟುಕೊಂಡು ಮುಂದಿನ ಬಸ್ಸು ಹತ್ತುವುದು ಒಳ್ಳೆಯದು.