ಗೈರಿನ ದಂಡವನ್ನು ಉಳಿತಾಯದಲ್ಲಿ ಮುರಿಯಬೇಡಿ

ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಮಹಿಳಾ ಸಂಘಗಳಲ್ಲಿ ತಿಂಗಳ ಸಭೆಗೆ ಬಾರದವರಿಗೆ ದಂಡ ಹಾಕುವುದು ಹೊಸದಲ್ಲ. ದಂಡ ಬೇಡ ಎಂದು ನಾವು ಹೇಳುತ್ತಿಲ್ಲ. ಅದನ್ನು ಎಲ್ಲಿಂದ ತೆಗೆಯುತ್ತೀರಿ, ಪುಸ್ತಕದಲ್ಲಿ ಎಲ್ಲಿ ಬರೆಯುತ್ತೀರಿ ಎನ್ನುವುದೇ ನಮ್ಮ ತಕರಾರು.

ಲೆಕ್ಕಕ್ಕೆ ಒಂದು ಸಂಘ ಎಂದುಕೊಳ್ಳೋಣ. 15 ಸದಸ್ಯರು, ತಿಂಗಳಿಗೆ ತಲಾ 100 ರೂಪಾಯಿ ಉಳಿತಾಯ, ಹೇಳದೆ ತಪ್ಪಿಸಿದರೆ 10 ರೂಪಾಯಿ ದಂಡ. ಈ ತಿಂಗಳು 14 ಜನ ಬಂದರು. ಒಬ್ಬರು ಅಡಿಕೆ ಸುಲಿಯಲು ಹೋಗಿದ್ದರು, ಮೊದಲೇ ಹೇಳಿರಲಿಲ್ಲ. ಪಕ್ಕದ ಮನೆಯವರ ಕೈಲಿ 100 ರೂಪಾಯಿ ಕಳಿಸಿದರು.

ಪುಸ್ತಕ ಬರೆಯುವವರು ಆ ನೂರರಲ್ಲೇ ದಂಡ ಮುರಿದುಕೊಂಡು, ಉಳಿತಾಯ 90, ದಂಡ 10 ಎಂದು ಬರೆದರು. ಕೈಯಲ್ಲಿರುವ ಹಣ 1500, ಪುಸ್ತಕದಲ್ಲೂ 1500. ಲೆಕ್ಕ ತಾಳೆಯಾಯಿತು, ಆದ್ದರಿಂದ ಯಾರ ಕಣ್ಣಿಗೂ ಏನೂ ಬೀಳಲಿಲ್ಲ. ಆದರೆ ಉಳಿತಾಯ ಆಕೆಯದು, ದಂಡ ಸಂಘದ ಆದಾಯ. ನಾಳೆ ಆಕೆ ಸಂಘ ಬಿಟ್ಟರೆ ಉಳಿತಾಯ ವಾಪಸ್ ಬರುತ್ತದೆ, ದಂಡ ಬರುವುದಿಲ್ಲ. ಸರಿಯಾದ ಬರಹ ಹೀಗಿರಬೇಕು: ಉಳಿತಾಯ 100, ದಂಡ ಬಾಕಿ 10, ಹಾಜರಿಯಲ್ಲಿ ಗೈರು.

ಇನ್ನು ಕೆಲವು ಕಡೆ ಇದರ ಉಲ್ಟಾ. ಹಣ ಬಂತಲ್ಲ ಎಂದು ಹಾಜರಿಯನ್ನೂ ಹಾಕಿಬಿಡುತ್ತಾರೆ. ಸಂಜೀವಿನಿ ಯೋಜನೆಯ ಪಂಚಸೂತ್ರದಲ್ಲಿ ಸಭೆ, ಉಳಿತಾಯ, ಆಂತರಿಕ ಸಾಲ, ಮರುಪಾವತಿ, ಪುಸ್ತಕ ನಿರ್ವಹಣೆ ಐದೂ ಬೇರೆ ಬೇರೆ. ಬ್ಯಾಂಕ್ ಸಾಲಕ್ಕೆ ಬೇಕಾದ ಆರು ತಿಂಗಳ ಚಟುವಟಿಕೆಯನ್ನು ಎಣಿಸುವುದು ಖಾತೆ ತೆರೆದ ದಿನದಿಂದಲ್ಲ, ಸಂಘದ ಪುಸ್ತಕದಿಂದ. ಹಾಗಾಗಿ ಹಾಜರಿ ತುಂಬಾ ಇದ್ದಷ್ಟೂ ಒಳ್ಳೆಯದು ಎಂಬ ಆಸೆ ಹುಟ್ಟುತ್ತದೆ. ಆದರೆ ಸಭೆಯಲ್ಲಿ ಇಲ್ಲದವರ ಹೆಸರಿಗೆ ಹಾಜರಿ ಬಿದ್ದರೆ, ಅದೇ ದಿನ ಕೊಟ್ಟ ಸಾಲಕ್ಕೆ ಅವರೂ ಒಪ್ಪಿದರು ಎಂದಾಗುತ್ತದೆ. ಸಾಲ ಕಟ್ಟದೆ ಜಗಳವಾದಾಗ "ನಾನು ಇರಲೇ ಇಲ್ಲ" ಎಂದರೆ ಕೇಳುವವರು ಯಾರು?

ನಮ್ಮ ಅಭಿಪ್ರಾಯ ಇಷ್ಟೆ. ದಂಡ ಎಷ್ಟು, ಕಾಯಿಲೆ, ಬಾಣಂತನ, ಸಾವಿಗೆ ವಿನಾಯಿತಿ ಇದೆಯೇ ಎಂಬುದನ್ನು ಸಭೆಯಲ್ಲೇ ತೀರ್ಮಾನಿಸಿ ನಡಾವಳಿಯಲ್ಲಿ ಬರೆಯಿರಿ. ಅಧ್ಯಕ್ಷರಿಗೂ ಅದೇ ದಂಡ ಇರಲಿ. ಅಡಿಕೆ ಕೆಲಸದ ತಿಂಗಳಲ್ಲಿ ಅರ್ಧ ಜನ ಗೈರಾದರೆ ದಂಡ ಹೆಚ್ಚಿಸುವ ಬದಲು ಸಭೆಯನ್ನು ರಾತ್ರಿ ಊಟದ ಹೊತ್ತಿನ ನಂತರ ಇಡಿ.

ಮುಂದಿನ ಸಭೆಗೆ ನಿಮ್ಮ ಪಾಸ್ ಬುಕ್ ತೆಗೆದುಕೊಂಡು ಹೋಗಿ. ತಿಂಗಳಿಗೆ ನೂರರಂತೆ 12 ತಿಂಗಳು ತಪ್ಪದೆ ಕಟ್ಟಿದ್ದರೆ ಉಳಿತಾಯ 1200 ಇರಬೇಕು. 1170 ಇದ್ದರೆ, ಆ ಮೂವತ್ತು ಯಾವ ಕಾಲಮ್ಮಿಗೆ ಹೋಯಿತು ಎಂದು ಅಲ್ಲೇ ಕೇಳಿ.