ನಡುಮನೆಗೆ ಎಷ್ಟು ಆಕಾಶ ಕಾಣಬೇಕು?

ಮಹಾಲಿಂಗಪುರ, ರಬಕವಿ, ಬನಹಟ್ಟಿಯ ಹಳೆಯ ಓಣಿಗಳಲ್ಲಿ ಮನೆಗೆ ಮನೆ ಅಂಟಿಕೊಂಡಿರುತ್ತದೆ. ಎಡಬಲದಲ್ಲಿ ಕಿಟಕಿಗೆ ಜಾಗವಿಲ್ಲ; ಬೆಳಕು ಬೀದಿಯಿಂದ ಬರಬೇಕು, ಇಲ್ಲವೇ ಹಿತ್ತಲಿನಿಂದ. ಇವೆರಡರ ನಡುವಿನ ಕೋಣೆಗೆ ಮಣ್ಣಿನ ಮಾಳಿಗೆಯ ಕಾಲದಲ್ಲಿ ಸರಳ ಉಪಾಯವಿತ್ತು. ಜಂತಿಗಳ ನಡುವೆ ಒಂದು ಬೆಳಕಿಂಡಿ ಬಿಡುತ್ತಿದ್ದರು, ಮಳೆ ಬಂದರೆ ತಗಡನ್ನೋ ಕಲ್ಲನ್ನೋ ಎಳೆದು ಮುಚ್ಚುತ್ತಿದ್ದರು. ಅಂಗೈಯಗಲದ ಕಿಂಡಿಯೂ ಕೆಲಸ ಮಾಡುತ್ತಿತ್ತು, ಏಕೆಂದರೆ ಅದು ನೇರವಾಗಿ ತಲೆಯ ಮೇಲಿನ ಆಕಾಶಕ್ಕೆ ತೆರೆದಿತ್ತು. ಮೇಲೆ ಇನ್ನೊಂದು ಅಂತಸ್ತು ಏರಿದ ದಿನ ಆ ಕಿಂಡಿ ಮುಚ್ಚಿಹೋಯಿತು. ಅದರ ಬದಲಿಗೆ ಈಗ ಮೂಲೆಯಲ್ಲಿ ನಾಲ್ಕಡಿ ಚೌಕದ ‘ಡಕ್ಟ್’ ಬಿಟ್ಟು ಅದಕ್ಕೊಂದು ಕಿಟಕಿ ಇಡುತ್ತಾರೆ. ಆದರೂ ನಡುಮನೆಯಲ್ಲಿ ಹಗಲಿಡೀ ದೀಪ ಉರಿಯುತ್ತದೆ.

ಜಾಗ ಬಿಟ್ಟಿದ್ದು ಸಾಲದು ಎಂಬುದಷ್ಟೇ ಇದಕ್ಕೆ ಕಾರಣವಲ್ಲ. ಕೋಣೆಯಲ್ಲಿ ಕೂತವರ ಕಣ್ಣಿಗೆ ಆಕಾಶದ ತುಣುಕು ಕಾಣದಿದ್ದರೆ ಅಲ್ಲಿಗೆ ನೇರ ಬೆಳಕು ಬರುವುದಿಲ್ಲ. ಗೋಡೆಯಿಂದ ಗೋಡೆಗೆ ಬಡಿದು ಸೋತ ಬೆಳಕು ಮಾತ್ರ ತಲುಪುತ್ತದೆ. ಹಾಗಾಗಿ ತೆರಪಿನ ಅಗಲವನ್ನು ಎದುರು ಗೋಡೆಯ ಎತ್ತರದ ಜೊತೆಗಿಟ್ಟು ನೋಡಬೇಕು.

18 ಅಡಿ ಅಗಲ, 50 ಅಡಿ ಉದ್ದದ ಒಂದು ನಿವೇಶನವನ್ನು ತೆಗೆದುಕೊಳ್ಳೋಣ. ಮುಂದೆ ಅಂಗಡಿ ಅಥವಾ ಮಗ್ಗ, ನಡುವೆ ಕೋಣೆ, ಅದರ ಹಿಂದೆ ತೆರಪು, ಆಚೆಗೆ ಅಡುಗೆಮನೆ. ನಡುಮನೆಯ ಕಿಟಕಿ ತೆರಪಿನ ಕಡೆಗಿದೆ, ಅದರ ಮೇಲಂಚು ನೆಲದಿಂದ ಎಂಟೂವರೆ ಅಡಿ. ಅಡುಗೆಮನೆಯ ಮೇಲೂ ಅಂತಸ್ತು ಇದ್ದು ಪ್ಯಾರಾಪೆಟ್ ಸೇರಿ ಆ ಗೋಡೆ ಕಿಟಕಿಯ ಮೇಲಂಚಿಗಿಂತ 15 ಅಡಿ ಎತ್ತರಕ್ಕೆ ಹೋಗಿದೆ ಎನ್ನಿ. ತೆರಪು ನಾಲ್ಕಡಿ ಇದ್ದರೆ, ಮೇಜಿನ ಎತ್ತರದಲ್ಲಿ ಆಕಾಶ ಕಾಣುವುದು ಕಿಟಕಿಯಿಂದ ಒಂದೂವರೆ ಅಡಿಯವರೆಗೆ ಮಾತ್ರ. ತೆರಪನ್ನು ಎಂಟಡಿಗೆ ಹಿಗ್ಗಿಸಿದರೂ ಮೂರಡಿಗಿಂತ ತುಸು ಹೆಚ್ಚು, ಅಷ್ಟೆ. ಅದೇ ಎಂಟಡಿಯ ತೆರಪಿನಾಚೆ ಅಡುಗೆಮನೆಯನ್ನು ಒಂದೇ ಅಂತಸ್ತಿಗೆ ನಿಲ್ಲಿಸಿದರೆ ಎದುರು ಗೋಡೆ ಕಿಟಕಿಯ ಅಂಚಿಗಿಂತ ಐದಡಿ ಮಾತ್ರ ಮೇಲಿರುತ್ತದೆ. ಆಕಾಶ ಒಂಬತ್ತೂವರೆ ಅಡಿ ಒಳಗಿನವರೆಗೆ ಕಾಣುತ್ತದೆ. ಸಾಮಾನ್ಯ ಕೋಣೆಯೊಂದರ ಆಳವೇ ಅಷ್ಟು. ಆದ್ದರಿಂದ ನನ್ನ ವಾದ ಇಷ್ಟು: ಮೂಲೆಗೊಂದು ಡಕ್ಟ್ ಬಿಡುವುದಕ್ಕಿಂತ ಆ ಜಾಗಗಳನ್ನೆಲ್ಲ ಕೂಡಿಸಿ ಒಂದೇ ಪುಟ್ಟ ಅಂಗಳ ಮಾಡಬೇಕು, ಅದರ ಒಂದು ಬದಿಯನ್ನು ತಗ್ಗಾಗಿಯೇ ಉಳಿಸಬೇಕು.

ಜಾಗಕ್ಕೆ ಬೆಲೆಯಿದೆ ಎಂಬ ಆಕ್ಷೇಪ ಸುಳ್ಳಲ್ಲ. ಎಂಟಡಿ ಚೌಕದ ಅಂಗಳ ಒಂಬೈನೂರು ಚದರಡಿಯಲ್ಲಿ ನೂರಕ್ಕೆ ಏಳು ಪಾಲಷ್ಟನ್ನು ತಿನ್ನುತ್ತದೆ. ಅಡುಗೆಮನೆಯ ಮೇಲೆ ಕೋಣೆ ಕಟ್ಟುವ ಆಸೆಯನ್ನೂ ಬಿಡಬೇಕಾಗುತ್ತದೆ. ಆದರೆ ಹಗಲಲ್ಲೂ ಕತ್ತಲಾಗಿರುವ ನಡುಮನೆ ಕೊನೆಗೆ ಚೀಲ, ಟ್ರಂಕುಗಳ ಉಗ್ರಾಣವಾಗುತ್ತದೆ. ಅದರ ವಿಸ್ತೀರ್ಣ ಅಂಗಳಕ್ಕಿಂತ ದೊಡ್ಡದು. ರಾಷ್ಟ್ರೀಯ ಕಟ್ಟಡ ಸಂಹಿತೆಯೂ ಸಣ್ಣ ಗಾಳಿಕೊಳವೆಗಳನ್ನು ಒಪ್ಪುವುದು ಬಚ್ಚಲು, ಶೌಚಾಲಯಗಳಿಗೆ. ವಾಸದ ಕೋಣೆಗೆ ಅದಕ್ಕಿಂತ ಬಹಳ ಅಗಲವಾದ ತೆರಪು ಬೇಕೆನ್ನುತ್ತದೆ.

ಕಿಟಕಿಯನ್ನು ನೆರೆಯವರ ಗೋಡೆಯ ಕಡೆಗೆ ಇಡದೆ ಮನೆಯ ಉದ್ದಕ್ಕೆ ಇಡುವುದಕ್ಕೂ ಕಾರಣವಿದೆ. ನೆರೆಯವರು ನಾಳೆ ಇನ್ನೊಂದು ಅಂತಸ್ತು ಏರಿಸಿದರೆ ನಾವು ತಡೆಯಲಾಗದು. ನಮ್ಮ ಅಡುಗೆಮನೆಯ ಎತ್ತರ ಮಾತ್ರ ನಮ್ಮ ಕೈಯಲ್ಲಿದೆ. ಮನೆ ಉತ್ತರಕ್ಕೆ ಮುಖ ಮಾಡಿದ್ದರೆ ಇನ್ನೊಂದು ಲಾಭ: ಡಿಸೆಂಬರ್‌ ಮಧ್ಯಾಹ್ನ ಸೂರ್ಯ ದಕ್ಷಿಣದಲ್ಲಿ ಸುಮಾರು 50 ಡಿಗ್ರಿ ಎತ್ತರದಲ್ಲಿರುತ್ತಾನೆ, ತಗ್ಗಿನ ಅಡುಗೆಮನೆಯನ್ನು ದಾಟಿ ಬಿಸಿಲು ನಡುಮನೆಯ ಕಿಟಕಿಗೆ ಬೀಳುತ್ತದೆ. ಮೇ ಮೊದಲ ವಾರದಲ್ಲಿ ಸೂರ್ಯ ನಮ್ಮ ನೆತ್ತಿಯ ಮೇಲೇ ಬರುವುದರಿಂದ ಆಗ ಬಿಸಿಲು ಅಂಗಳದ ನೆಲಕ್ಕೆ ಇಳಿಯುತ್ತದೆ, ಕೋಣೆಯೊಳಕ್ಕೆ ನುಗ್ಗುವುದಿಲ್ಲ.

ಅಂಗಳದ ಮೇಲೆ ಫೈಬರ್ ಶೀಟು ಹೊದಿಸಿ ಬಿಗಿಯಾಗಿ ಮುಚ್ಚುವುದು ಅದನ್ನು ಕೆಡಿಸುವ ಸುಲಭ ದಾರಿ. ಧೂಳು ಕೂತು ಶೀಟು ಮಬ್ಬಾಗುತ್ತದೆ, ಬಿಸಿಗಾಳಿಗೆ ಹೊರಹೋಗಲು ದಾರಿಯಿಲ್ಲದೆ ಮನೆ ಬೇಯುತ್ತದೆ. ಕಳ್ಳರ, ಮಂಗಗಳ ಭಯಕ್ಕೆ ಕಬ್ಬಿಣದ ಜಾಳಿಗೆ ಸಾಕು. ಮಳೆಗೆ ಹೆದರುವವರು ಲೆಕ್ಕ ನೋಡಲಿ: ಗಂಟೆಗೆ 50 ಮಿಲಿಮೀಟರ್‌ ಸುರಿದರೂ ಈ ಅಂಗಳಕ್ಕೆ ಬೀಳುವುದು ಸುಮಾರು 300 ಲೀಟರ್‌. ನೆಲ ಅರ್ಧ ಅಡಿ ತಗ್ಗಿದ್ದರೆ, ಕೊಳವೆ ಕಟ್ಟಿಕೊಂಡರೂ ಮೂರು ಗಂಟೆ ನೀರು ಒಳಗೆ ಬರದು. ಮಾಳಿಗೆಯ ನೀರನ್ನು ಮಾತ್ರ ಅಂಗಳಕ್ಕೆ ಬಿಡಬಾರದು.

ಈಗಾಗಲೇ ಇಕ್ಕಟ್ಟಿನ ಡಕ್ಟ್ ಕಟ್ಟಿಕೊಂಡವರಿಗೆ ಉಳಿದಿರುವುದು ಸುಣ್ಣ. ಬಿಳಿ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು ಐದರಲ್ಲಿ ನಾಲ್ಕು ಪಾಲನ್ನು ಹಿಂದಿರುಗಿಸುತ್ತದೆ. ಬಣ್ಣವಿಲ್ಲದ ಸಿಮೆಂಟು ಗಿಲಾವು ಅದರ ಅರ್ಧದಷ್ಟನ್ನೂ ಕೊಡುವುದಿಲ್ಲ. ಮೂರು ಸಲ ಬಡಿದು ಇಳಿಯುವ ಹೊತ್ತಿಗೆ ಬಿಳಿ ಗೋಡೆಯಲ್ಲಿ ಅರ್ಧ ಬೆಳಕು ಉಳಿದರೆ, ಬರಿ ಸಿಮೆಂಟಿನಲ್ಲಿ ಹೆಚ್ಚೆಂದರೆ ಹದಿನಾರರಲ್ಲಿ ಒಂದು ಪಾಲು ಉಳಿಯುತ್ತದೆ. ಪಾಚಿ ಕಟ್ಟಿದ ಗೋಡೆಯಲ್ಲಿ ಅದೂ ಇಲ್ಲ, ಹಾಗಾಗಿ ಪ್ರತಿ ಮಳೆಗಾಲದ ನಂತರ ಸುಣ್ಣ ಬಳಿಯಬೇಕು.

ಹೊಸದಾಗಿ ಕಟ್ಟುವವರು ಕಿಟಕಿಯ ಚೌಕಟ್ಟು ನಿಂತ ಕೂಡಲೇ ಗೌಂಡಿಯಿಂದ ಒಂದು ಪರೀಕ್ಷೆ ಮಾಡಿಸಬಹುದು. ಎದುರು ಗೋಡೆ ಮುಗಿಯಬೇಕಾದ ಎತ್ತರಕ್ಕೆ ಬಿದಿರು ನಿಲ್ಲಿಸಿ, ಅದರ ತುದಿಯಿಂದ ಕಿಟಕಿಯ ಮೇಲಂಚನ್ನು ತಾಗಿಸಿ ದಾರವನ್ನು ಒಳಕ್ಕೆ ಎಳೆಯಬೇಕು. ದಾರ ನೆಲದಿಂದ ಎರಡೂವರೆ ಅಡಿ ಎತ್ತರಕ್ಕೆ ಇಳಿದ ಜಾಗವೇ ಆಕಾಶ ಕಾಣುವ ಕೊನೆಯ ಗೆರೆ. ಅದು ಕಿಟಕಿಯ ಬುಡದಲ್ಲೇ ಬಿದ್ದರೆ, ಅಡುಗೆಮನೆಯ ಮೇಲಿನ ಅಂತಸ್ತನ್ನು ನಕ್ಷೆಯಿಂದ ತೆಗೆಯಲು ಇನ್ನೂ ಸಮಯವಿರುತ್ತದೆ.